ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಪ್ರಬಂಧ: 10 ನಿಮಿಷದ ಮಾತಿನ ರೂಪರೇಖೆ

ಸ್ಥಳ: ಧಾರವಾಡ, ಸ್ನಾತಕೋತ್ತರ ವಿಚಾರಗೋಷ್ಠಿ. ಪ್ರಬಂಧ 14 ಪುಟ, ಸ್ಲೈಡ್ 6.

ಸ್ಲೈಡ್ 1 (0:00–0:30) ಶೀರ್ಷಿಕೆ: ‘ಕಣದ ಬಿಸಿಲೋ, ಸೌರ ಪೆಟ್ಟಿಗೆಯೋ?’ ಹೆಸರು, ವಿಭಾಗ ಓದಬೇಡಿ, ಪರದೆಯಲ್ಲೇ ಇವೆ.

ಸ್ಲೈಡ್ 2 (0:30–2:00) ಕಣದಲ್ಲಿ ಹರಡಿದ ಕಾಯಿಯ ಒಂದೇ ಫೋಟೋ. ಹೇಳುವುದು: ಬ್ಯಾಡಗಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ, ನೇರ ಬಿಸಿಲು ಆ ಬಣ್ಣ ಕೆಡಿಸುತ್ತದೆ, ನಿಧಾನ ಒಣಗಿದರೆ ಬೂಷ್ಟು. ಪೂರ್ವ ಸಂಶೋಧನೆಯ 3 ಪುಟ ಇಲ್ಲಿ ಒಂದು ವಾಕ್ಯ.

ಸ್ಲೈಡ್ 3 (2:00–4:00) ವಿಧಾನದ ರೇಖಾಚಿತ್ರ. ಕಣಕ್ಕೂ ಸೌರ ಪೆಟ್ಟಿಗೆಗೂ ತಲಾ 20 ಕೆಜಿ ಹಸಿಕಾಯಿ, 3 ಪುನರಾವರ್ತನೆ. ತೇವಾಂಶ 75ರಿಂದ 10 ಪ್ರತಿಶತಕ್ಕೆ ಇಳಿದರೆ ಉಳಿಯುವುದು ಸುಮಾರು 5.6 ಕೆಜಿ (ಒಣ ಅಂಶ 5 ಕೆಜಿ ÷ 0.9). ಈ ಲೆಕ್ಕ ಬಾಯಲ್ಲೇ ಹೇಳಿ.

ಸ್ಲೈಡ್ 4 (4:00–7:30) ಮುಖ್ಯ ಸ್ಲೈಡ್. ಪ್ರಬಂಧದ ಕೋಷ್ಟಕ 4 ಅಂಟಿಸಬೇಡಿ, 36 ಅಂಕಿ ಹಿಂದಿನ ಸಾಲಿಗೆ ಕಾಣುವುದಿಲ್ಲ. ಬದಲಿಗೆ ಎರಡು ಗೆರೆಯ ಗ್ರಾಫ್: ಅಡ್ಡಕ್ಕೆ ದಿನ, ಉದ್ದಕ್ಕೆ ತೇವಾಂಶ. ಮೊದಲು ಅಕ್ಷ ವಿವರಿಸಿ, ನಂತರ ಗೆರೆ: ಪೆಟ್ಟಿಗೆ 5 ದಿನ, ಕಣ 9 ದಿನ. 7ನೇ ದಿನ ಕಣದ ಗೆರೆ ಮೇಲೇರಿದ್ದು ರಾತ್ರಿಯ ಇಬ್ಬನಿಯಿಂದ. ಯಾರಾದರೂ ಕೇಳುವ ಮೊದಲೇ ಹೇಳಿಬಿಡಿ. ಬಣ್ಣಕ್ಕೆ ಎರಡೇ ಕಂಬ, 460 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದದ್ದು.

ಸ್ಲೈಡ್ 5 (7:30–9:00) ಮಿತಿ: ಒಂದೇ ಹಂಗಾಮು, ಒಂದೇ ತಳಿ. ಪೆಟ್ಟಿಗೆಯ ಖರ್ಚು ಅಳೆದಿಲ್ಲ.

ಸ್ಲೈಡ್ 6 (9:00–10:00) ‘ಬೇಗ ಒಣಗಿತು, ಬಣ್ಣ ಉಳಿಯಿತು.’ ಸಮಯ ಮೀರಿದರೆ ಸ್ಲೈಡ್ 3 ಕತ್ತರಿಸಿ, 4ನ್ನಲ್ಲ.