ಮಂಜೂರಿ ಬಟನ್

ಸಿಂಧನೂರಿನ ಆ ಸಹಕಾರ ಸಂಘದಲ್ಲಿ ಭತ್ತದ ಪಾವತಿಗೆ ಬಂದವರ ಸಾಲು ಬಾಗಿಲು ದಾಟಿತ್ತು. ಹೊಸದಾಗಿ ಹೆಡ್ ಕ್ಲಾರ್ಕ್ ಆಗಿದ್ದ ಶರಣಮ್ಮ ಮೊದಲ ಬಿಲ್ ತೆರೆದಳು. ಸೋನಾಮಸೂರಿ, ತೂಕ, ತೇವಾಂಶ, ಬ್ಯಾಂಕ್ ಖಾತೆ ಎಲ್ಲ ಸರಿ. ಕೆಳಗೆ `Return` ಇತ್ತು, `Print` ಇತ್ತು. `Approve` ಮಾತ್ರ ಇರಲಿಲ್ಲ.

"ಲಾಗೌಟ್ ಮಾಡಿ ಮತ್ತ ಒಳಗ ಹೋಗ್ರಿ ಅಕ್ಕಾರ," ಅಂದ ಆಪರೇಟರ್ ಹುಸೇನಿ. ಹೋದಳು. ಬರಲಿಲ್ಲ.

ಕಾರ್ಯದರ್ಶಿ ಬಂದು ಇಣುಕಿದರು. "ಸದ್ಯ ಹುಸೇನಿ ಕಡಿಂದ ಒತ್ತಿಸ್ರಿ. ಅವನ ಸ್ಕ್ರೀನಿನ್ಯಾಗ ಬರತೈತಿ. ಮಂದಿ ಕಾಯಾಕತ್ತಾರ."

"ಅವನ ಸ್ಕ್ರೀನಿನ್ಯಾಗ ಯಾಕ ಬರತೈತ್ರಿ ಸರ್? ಬಿಲ್ ಮಾಡಾಂವ ಅವನ ಅಲ್ಲೇನ್ರಿ?"

ಅವರ ಬಳಿ ಉತ್ತರವಿರಲಿಲ್ಲ. ಶರಣಮ್ಮ ಹಳೆಯ ಬಿಲ್ಲೊಂದರ ಹಿಸ್ಟರಿ ತೆರೆದಳು.

```
Created by : op03
Approved by: op03
```

ಅದರ ಹಿಂದಿನದ್ದೂ ಹಾಗೇ. ಅದಕ್ಕೂ ಹಿಂದಿನದ್ದೂ. ಹುಸೇನಿಯ ಮುಖ ಬಿಳಿಚಿತು. "ಸೇವ್ ಮಾಡಿದ ಮ್ಯಾಲ ಆ ಬಟನ್ ಬರತಿತ್ರಿ. ಒತ್ತೂದು ನನ್ನ ಕೆಲಸ ಅನ್ಕೊಂಡಿದ್ದೆ. ಯಾರೂ ಬ್ಯಾಡ ಅನ್ನಲಿಲ್ರಿ."

ರಾಯಚೂರಿನಿಂದ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗ ಫೋನಿನಲ್ಲೇ ಹುಡುಕಿ ಹೇಳಿದ. ಹುಸೇನಿ ಸೇರಿದಾಗ ಹೊಸ ಐಡಿಯನ್ನು ಮೊದಲಿನಿಂದ ಮಾಡುವ ಬದಲು, ನಿವೃತ್ತರಾಗಿದ್ದ ಹೆಡ್ ಕ್ಲಾರ್ಕರ ಐಡಿಯನ್ನೇ ಅವನಿಗೆ ಕೊಟ್ಟಿದ್ದರು. ಹೆಸರು ಬದಲಾಯಿತು, ಅಧಿಕಾರ ಹಾಗೇ ಉಳಿಯಿತು. ಒಂದು ಶಾಖೆಗೆ ಒಬ್ಬರೇ ಮಂಜೂರಿದಾರರು ಎಂಬುದು ಸಾಫ್ಟ್‌ವೇರ್‌ನ ನಿಯಮ. ಆ ಜಾಗ ಮೊದಲೇ ತುಂಬಿದ್ದರಿಂದ ಶರಣಮ್ಮನಿಗೆ ಕೊಟ್ಟ ಅನುಮತಿ ಒಂದು ಸೂಚನೆಯನ್ನೂ ತೋರಿಸದೆ ಬಿದ್ದುಹೋಗಿತ್ತು. ಮಾಡುವವರು ಒಬ್ಬರು, ನೋಡುವವರು ಇನ್ನೊಬ್ಬರು ಇರಲೆಂದು ಇಟ್ಟ ಏರ್ಪಾಡು ಅಷ್ಟು ದಿನ ಬರೀ ಹೆಸರಿಗಿತ್ತು.

"ಈಗ ಸರಿ ಮಾಡ್ತೀನ್ರಿ ಮೇಡಂ, ಐದು ನಿಮಿಷ."

"ಮಾಡಪ್ಪಾ. ಆದ್ರ ಹಳೇ ಬಿಲ್ಲಿನ ಪಟ್ಟಿ ಪೂರ್ತಿ ಕಳಸು."

ಕಾರ್ಯದರ್ಶಿ ಬೇಡವೆಂದರು. ಹಣ ಹೋಗಿಯಾಗಿದೆ, ಕೆದಕಿದರೆ ಆಡಿಟ್ ತಲೆನೋವು. ಶರಣಮ್ಮ ಕಪಾಟಿನಿಂದ ತೂಕದ ಚೀಟಿಗಳ ಕಟ್ಟು ಇಳಿಸಿ, ಸಾಲು ಕರಗಿದ ಮೇಲೆ ಹುಸೇನಿಯನ್ನೇ ಎದುರು ಕೂರಿಸಿಕೊಂಡಳು. ಅವನು ಚೀಟಿ ಓದಬೇಕು, ಅವಳು ಸ್ಕ್ರೀನ್ ನೋಡಬೇಕು. ಹೆಚ್ಚಿನವು ತಾಳೆಯಾದವು. ಒಂದು ಚೀಟಿಗೆ ಅವನ ದನಿ ನಿಂತಿತು.

"ಎಪ್ಪತ್ತೈದು ಕ್ವಿಂಟಲ್ ರೀ."

ಸ್ಕ್ರೀನಿನಲ್ಲಿ 57 ಇತ್ತು.

ಹದಿನೆಂಟು ಕ್ವಿಂಟಲ್ ಭತ್ತದ ದುಡ್ಡು. ಆ ಚೀಟಿಯ ಮುದುಕ ಎರಡು ಸಲ ಬಂದು "ಕಡಿಮಿ ಬಂದೈತಿ" ಅಂದಿದ್ದ. ಕಂಪ್ಯೂಟರ್ ಹಂಗ ತೋರಸ್ತೈತಿ ಅಂದು ಕಳಿಸಿದ್ದರು.

ಶರಣಮ್ಮ ಟಿಪ್ಪಣಿ ಬರೆದಳು: ಐಡಿ ಹಂಚಿದವರ ತಪ್ಪು, ಆಪರೇಟರನದಲ್ಲ, ನಿವೃತ್ತರ ಐಡಿ ಅಂದೇ ಮುಚ್ಚಬೇಕು, ಬಾಕಿ ಹಣ ಕೊಡಬೇಕು. ಕಾರ್ಯದರ್ಶಿ ಬಹಳ ಹೊತ್ತು ಓದಿ ಸಹಿ ಹಾಕಿದರು.

ಹುಸೇನಿ ಪೂರಕ ಬಿಲ್ ಮಾಡಿದ. ಅವಳು ಚೀಟಿಯನ್ನು ಇನ್ನೊಮ್ಮೆ ನೋಡಿ `Approve` ಒತ್ತಿದಳು. ಆಮೇಲೆ ಫೋನ್ ಹಚ್ಚಿದಳು. "ಯಜ್ಜಾ, ನೀ ಹೇಳಿದ್ದು ಖರೇ ಐತಿ. ನಾಳೆ ಪಾಸ್‌ಬುಕ್ ತಗೊಂಡು ಬಾ."