ಗ್ರಾಹಕ ಸೇವೆ, ಹಾಸನ ವಲಯ: ಈಗ ಇರುವುದಕ್ಕೂ ಆಗಬೇಕಾದದ್ದಕ್ಕೂ ಇರುವ ಅಂತರ

ಯಾರಿಗೆ: ವಲಯ ವ್ಯವಸ್ಥಾಪಕರು, ಹಾಸನ
ಯಾರಿಂದ: ಗ್ರಾಹಕ ಸೇವಾ ವಿಭಾಗ
ನೋಡಿದ ಶಾಖೆಗಳು: ಹಾಸನ ಮುಖ್ಯ ಶಾಖೆ, ಸಕಲೇಶಪುರ, ಬೇಲೂರು, ಅರಸೀಕೆರೆ

ಸರ್,

ಹೊಸ ಬಜೆಟ್ ಕಳಿಸುವ ಮುಂಚೆ ಈ ವರದಿ ಬೇಕು ಅಂದಿದ್ದಿರಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾಲ್ಕೂ ಶಾಖೆಗಳಲ್ಲಿ ಕೌಂಟರ್ ಸಿಬ್ಬಂದಿ ಒಳ್ಳೆಯವರೇ, ಕೆಲಸವನ್ನೂ ಮಾಡುತ್ತಾರೆ. ಆದರೆ ಗ್ರಾಹಕರು ಬಾಗಿಲು ದಾಟಿದ ಮೇಲೆ ಅವರ ದೂರು ಯಾರ ತಲೆ ಮೇಲೂ ಇರುವುದಿಲ್ಲ. ದೊಡ್ಡ ಅಂತರ ಇದೇ. ಉಳಿದವೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟಿದವು.

ದೂರು ದಾಖಲಾಗುವುದು

ಈಗ ಹೇಗಿದೆ: ಸಕಲೇಶಪುರದಲ್ಲಿ ದೂರಿನ ಪುಸ್ತಕ ಮ್ಯಾನೇಜರ್ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿದೆ. ಕೇಳಿದರೆ ಮಾತ್ರ ಹೊರಗೆ ಬರುತ್ತದೆ. ಅದರಲ್ಲಿ ‘ಕೈಗೊಂಡ ಕ್ರಮ’ ಅನ್ನುವ ಅಂಕಣವಿದೆ. ಪುಟ ತಿರುಗಿಸಿದರೆ ಬಹಳ ಕಡೆ ಇರುವುದು ಒಂದೇ ಮಾತು: ‘ವಿವರಿಸಿ ಕಳಿಸಲಾಗಿದೆ’. ಏನು ವಿವರಿಸಿದರು, ಹಣ ಬಂತಾ, ಅವರು ಮತ್ತೆ ಬಂದರಾ, ಏನೂ ಗೊತ್ತಾಗುವುದಿಲ್ಲ. ಅರಸೀಕೆರೆಯಲ್ಲಿ ಪುಸ್ತಕ ಖಾಲಿ ಇದೆ. ದೂರೇ ಇಲ್ಲ ಅಂತಲ್ಲ, ಬಾಯಲ್ಲಿ ಹೇಳಿದ್ದು ಬಾಯಲ್ಲೇ ಮುಗಿಯುತ್ತಿದೆ ಅಷ್ಟೇ. ಕಾಲ್ ಸೆಂಟರ್‌ಗೆ ಹೋದ ದೂರಿಗೆ ನಂಬರ್ ಸಿಗುತ್ತದೆ, ಆದರೆ ಆ ನಂಬರ್ ಶಾಖೆಯವರ ಸ್ಕ್ರೀನ್‌ನಲ್ಲಿ ಕಾಣುವುದಿಲ್ಲ.

ಎಲ್ಲಿಗೆ ಹೋಗಬೇಕು: ಕೌಂಟರ್‌ನಲ್ಲಿ ಹೇಳಿದ್ದಾಗಲಿ, ಫೋನ್‌ನಲ್ಲಿ ಹೇಳಿದ್ದಾಗಲಿ, ದೂರು ಒಂದೇ ಕಡೆ ದಾಖಲಾಗಬೇಕು. ಗ್ರಾಹಕರ ಮೊಬೈಲ್‌ಗೆ ಕನ್ನಡದಲ್ಲಿ ನಂಬರ್ ಹೋಗಬೇಕು. ಅದರ ಎದುರು ಶಾಖೆಯ ಒಬ್ಬರ ಹೆಸರಿರಬೇಕು, ಹುದ್ದೆ ಬರೆದರೆ ಸಾಲದು. 30 ದಿನದಲ್ಲಿ ನಾವು ಉತ್ತರ ಕೊಡದಿದ್ದರೆ ಗ್ರಾಹಕರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಮ್ಮಲ್ಲಿ ಆ 30 ದಿನ ಯಾವಾಗ ಶುರುವಾಯಿತು ಅನ್ನುವುದಕ್ಕೇ ದಾಖಲೆ ಇಲ್ಲ. ಶಾಖೆಯೊಳಗಿನ ಗಡುವು ಏಳು ದಿನ ಇರಲಿ ಅಂತ ನನ್ನ ಸಲಹೆ.

ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದಾಗ

ಒಂದು ಪ್ರಕರಣ ಪೂರ್ತಿ ಹೇಳುತ್ತೇನೆ. ಕಾಫಿ ಕೊಯ್ಲಿನ ಕಾಲ. ತೋಟದ ಕಾರ್ಮಿಕರೊಬ್ಬರು ನಮ್ಮದೇ ಎಟಿಎಂನಲ್ಲಿ 4,000 ತೆಗೆಯಲು ಹೋದರು. ಹಣ ಬರಲಿಲ್ಲ, ಮೆಸೇಜ್ ಮಾತ್ರ ಬಂತು. ಶಾಖೆಗೆ ಬಂದರೆ ‘ತಾನಾಗೇ ವಾಪಸ್ ಬರುತ್ತೆ, ಕಾಯಿರಿ’ ಅಂದರು. ಹಾಗೆ ಹೇಳಿದ್ದು ತಪ್ಪಲ್ಲ, ಬಹಳ ಸಲ ಬರುತ್ತದೆ ಕೂಡ. ಈ ಸಲ ಬರಲಿಲ್ಲ. ಮತ್ತೆ ಬಂದಾಗ ಕೌಂಟರ್‌ನಲ್ಲಿ ಬೇರೆಯವರಿದ್ದರು, ಕಥೆ ಮೊದಲಿನಿಂದ ಶುರು. ಶಾಖೆಗೆ ಬರುವುದು ಅಂದರೆ ಅವರಿಗೆ ಒಂದು ದಿನದ ಕೂಲಿ ಹೋದ ಹಾಗೆ, ಅಲ್ವಾ? ಕೊನೆಗೆ 17ನೇ ದಿನ ಹಣ ಜಮೆ ಆಯಿತು. ಆದರೆ ಪರಿಹಾರ ಕೊಡಲಿಲ್ಲ.

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಇಲ್ಲಿ ಸ್ಪಷ್ಟವಾಗಿದೆ. ವ್ಯವಹಾರ ನಡೆದ ದಿನ ಬಿಟ್ಟು 5 ದಿನದೊಳಗೆ ಹಣ ಹಿಂತಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೂ ಗ್ರಾಹಕರು ಕೇಳುವವರೆಗೆ ಕಾಯದೆ ನಾವೇ ಜಮೆ ಮಾಡಬೇಕು. ಅಂದರೆ ಆ ಕಾರ್ಮಿಕರಿಗೆ ನಾವು 1,200 ರೂಪಾಯಿ ಬಾಕಿ. ಶಾಖೆಯಲ್ಲಿ ಸುತ್ತೋಲೆ ಇತ್ತು, ಫೈಲ್‌ನಲ್ಲಿ. ಕೌಂಟರ್‌ನಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಇದನ್ನು ಸರಿಮಾಡಲು ದುಡ್ಡೇನೂ ಬೇಕಿಲ್ಲ. ಎಟಿಎಂನ ನಗದು ತಾಳೆ ನೋಡುವ ದಿನವೇ ಹೆಚ್ಚುವರಿ ಹಣದ ಪಟ್ಟಿ ದೂರು ನೋಡುವವರ ಕೈಗೆ ಹೋಗಬೇಕು. ಈಗ ಆ ಪಟ್ಟಿ ಲೆಕ್ಕ ವಿಭಾಗದಲ್ಲೇ ಉಳಿಯುತ್ತದೆ. ಗ್ರಾಹಕರು ಈ ಕಡೆ ಅಲೆಯುತ್ತಿರುತ್ತಾರೆ.

ಆನ್‌ಲೈನ್ ಮೋಸ

ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಭಯ ಇರುವುದು ಇಲ್ಲಿ. ‘ಯಾರೋ ಫೋನ್ ಮಾಡಿದ್ರು, ದುಡ್ಡು ಹೋಯ್ತು’ ಅಂತ ಓಡಿ ಬಂದವರನ್ನು ಕೂಡ ಟೋಕನ್ ತೆಗೆದುಕೊಂಡು ಕೂರಲು ಹೇಳುತ್ತೇವೆ. ಆಮೇಲೆ ಪೊಲೀಸ್ ಠಾಣೆಗೆ ಕಳಿಸುತ್ತೇವೆ. ಖಾತೆ ತಡೆಯುವುದು ಕೊನೆಗೆ.

2017ರ ಜುಲೈ ಸುತ್ತೋಲೆ ಪ್ರಕಾರ, ಗ್ರಾಹಕರ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಮೋಸವಾಗಿ, ಗ್ರಾಹಕರು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಅವರದ್ದಲ್ಲ. ಒಟಿಪಿ ತಾವೇ ಹೇಳಿದ್ದರೆ ನಮಗೆ ತಿಳಿಸುವವರೆಗಿನ ನಷ್ಟ ಅವರದ್ದು. ತಿಳಿಸಿದ ಮೇಲೆ ಹೋದ ಪ್ರತಿ ರೂಪಾಯಿಯೂ ಬ್ಯಾಂಕಿನದ್ದು. ಹಾಗಾಗಿ ಅವರನ್ನು ಬೆಂಚ್ ಮೇಲೆ ಕೂರಿಸಿದ ಅರ್ಧ ಗಂಟೆಯಲ್ಲಿ ಇನ್ನೊಂದು ವ್ಯವಹಾರ ನಡೆದರೆ ಅದು ನಮ್ಮ ತಲೆ ಮೇಲೆ ಬರುತ್ತದೆ.

ಗುರಿ: ಮೋಸದ ದೂರಿಗೆ ಟೋಕನ್ ಬೇಡ. ಸೆಕ್ಯುರಿಟಿಯವರೇ ನೇರ ಒಳಗೆ ಕರೆತರಲಿ. ಹತ್ತು ನಿಮಿಷದಲ್ಲಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ತಡೆಯಬೇಕು. ಶಾಖೆಯ ಫೋನ್‌ನಿಂದಲೇ 1930ಕ್ಕೆ ಕರೆ ಮಾಡಿಸಬೇಕು. ದೂರು ಕೊಟ್ಟ ದಿನ, ಗಂಟೆ, ನಿಮಿಷ ಬರೆದ ಸ್ವೀಕೃತಿ ಕೊಡಬೇಕು. ಇದಕ್ಕೆ ಒಂದು ಸಲ ತರಬೇತಿ ಕೊಟ್ಟರೆ ಸಾಲದು. ಆರು ತಿಂಗಳಿಗೊಮ್ಮೆ ನಮ್ಮವರೇ ಒಬ್ಬರು ಗ್ರಾಹಕರ ಹಾಗೆ ಹೋಗಿ ನೋಡಬೇಕು.

ತೀರಿಕೊಂಡವರ ಖಾತೆ

ಬೇಲೂರಿನಲ್ಲಿ ಒಂದು ಬಾಕಿ ಫೈಲ್ ನೋಡಿದೆ. ನಾಮಿನಿ ಹೆಸರು ಸರಿಯಾಗಿ ಇದೆ. ಆದರೂ ವಂಶವೃಕ್ಷ, ಆಮೇಲೆ ವಾರಸುದಾರರ ಸಹಿ, ಆಮೇಲೆ ಬಾಂಡ್ ಅಂತ ಒಂದೊಂದೇ ಕೇಳಿದ್ದಾರೆ. ನಾಮಿನಿ ಇದ್ದರೆ, ಕೋರ್ಟಿನ ತಡೆ ಇಲ್ಲದಿದ್ದರೆ ಇದ್ಯಾವುದೂ ಬೇಕಿಲ್ಲ. ಮರಣ ಪ್ರಮಾಣ ಪತ್ರ, ಅರ್ಜಿ, ನಾಮಿನಿಯ ಗುರುತಿನ ಚೀಟಿ ಸಾಕು. ದಾಖಲೆ ಕೈಸೇರಿದ 15 ದಿನದಲ್ಲಿ ಮುಗಿಸಬೇಕು. ಸಿಬ್ಬಂದಿ ಜಾಸ್ತಿ ಕಾಗದ ಕೇಳುವುದು ಆಡಿಟ್ ಭಯಕ್ಕೆ. ‘ಇಷ್ಟೇ ಕೇಳಿ’ ಅಂತ ನಿಮ್ಮ ಸಹಿಯ ಒಂದು ಪುಟ ಹೋದರೆ ಭಯ ಹೋಗುತ್ತದೆ. ಅದೇ ಪಟ್ಟಿ ಕನ್ನಡದಲ್ಲಿ ನೋಟಿಸ್ ಬೋರ್ಡ್ ಮೇಲೂ ಇರಲಿ.

ಭಾಷೆ, ಸರತಿ, ನೆಟ್‌ವರ್ಕ್

ವರ್ಗವಾಗಿ ಹೊರರಾಜ್ಯದಿಂದ ಬಂದವರು ಕನ್ನಡ ಕಲಿಯಲು ಮನಸ್ಸಿಲ್ಲದವರೇನಲ್ಲ, ಕಲಿಸುವವರಿಲ್ಲ. ಅಲ್ಲಿಯವರೆಗೆ ವಿಚಾರಣೆ ಕೌಂಟರ್‌ನಲ್ಲಿ ಕನ್ನಡ ಬಲ್ಲವರನ್ನೇ ಕೂರಿಸೋಣ. ಸಕಲೇಶಪುರದಲ್ಲಿ ಅಸ್ಸಾಂ ಕಡೆಯ ತೋಟದ ಕಾರ್ಮಿಕರೂ ಬರುತ್ತಾರೆ. ಅವರ ಜೊತೆ ಹಿಂದಿಯಲ್ಲಿ ಮಾತಾಡಲು ಇದೇ ಹೊರರಾಜ್ಯದ ಸಿಬ್ಬಂದಿ ಅನುಕೂಲ. ಇಬ್ಬರನ್ನೂ ಸರಿಯಾದ ಕುರ್ಚಿಯಲ್ಲಿ ಕೂರಿಸುವುದಷ್ಟೇ ಬಾಕಿ.

ಎರಡನೇ, ನಾಲ್ಕನೇ ಶನಿವಾರ ರಜೆ ಇರುವುದರಿಂದ ಕೊಯ್ಲಿನ ಕಾಲದಲ್ಲಿ ಹಿಂದಿನ ಶುಕ್ರವಾರ ಬಟವಾಡೆ ಹಣಕ್ಕೆ ನೂಕುನುಗ್ಗಲು. ಆ ದಿನಗಳಲ್ಲಿ ಒಂದು ಕ್ಯಾಶ್ ಕೌಂಟರ್ ಜಾಸ್ತಿ ತೆರೆದರೆ ಸಾಕು. ಮಳೆಗಾಲದಲ್ಲಿ ಸಕಲೇಶಪುರದ ನೆಟ್‌ವರ್ಕ್ ಲೈನ್ ಹೋಗುವುದಕ್ಕೆ ಎರಡನೇ ಕಂಪನಿಯ ಸಂಪರ್ಕ ಬೇಕು. ಇದಕ್ಕೆ ಮಾತ್ರ ಖರ್ಚಿದೆ.

ಯಾವುದು ಮೊದಲು

ಹೊಸ ಟೋಕನ್ ಯಂತ್ರ ಮತ್ತು ಟಚ್ ಸ್ಕ್ರೀನ್ ಕಿಯೋಸ್ಕ್ ಕೊಳ್ಳುವ ಪ್ರಸ್ತಾಪ ನಿಮ್ಮ ಮುಂದಿದೆ. ಈ ವರ್ಷ ಬೇಡ ಅಂತ ನನ್ನ ಅಭಿಪ್ರಾಯ. ದೂರು ದಾಖಲಾಗದ ಕಡೆ ಸುಮ್ನೆ ಸರತಿ ಚಂದ ಮಾಡಿ ಏನು ಉಪಯೋಗ? ಮೊದಲ ತಿಂಗಳು ದೂರಿನ ದಾಖಲೆ ಮತ್ತು ಮೋಸದ ದೂರಿನ ಕ್ರಮ, ಅದರ ಜೊತೆಗೇ ಹಳೆಯ ಎಟಿಎಂ ಪರಿಹಾರದ ಬಾಕಿ ತೀರಿಸುವುದು. ಆಮೇಲೆ ತೀರಿಕೊಂಡವರ ಖಾತೆಗಳು. ಮಳೆ ಶುರುವಾಗುವ ಮುಂಚೆ ಎರಡನೇ ಲೈನ್.

ನಿಮ್ಮಿಂದ ಬೇಕಾದದ್ದು ಮೂರು: ಪ್ರತಿ ಶಾಖೆಯಲ್ಲಿ ದೂರಿಗೆ ಒಬ್ಬರನ್ನು ಹೆಸರಿಸಿ ಆದೇಶ, ಕಾಲ್ ಸೆಂಟರ್‌ನ ದೂರು ಶಾಖೆಗೂ ಕಾಣುವಂತೆ ಮಾಡಲು ಪ್ರಧಾನ ಕಚೇರಿಗೆ ಪತ್ರ, ಸಕಲೇಶಪುರದ ಎರಡನೇ ಲೈನ್‌ಗೆ ಒಪ್ಪಿಗೆ. ಆದೇಶದ ಕರಡು ಇದರ ಜೊತೆಗಿದೆ. ಆ ಕಾರ್ಮಿಕರ 1,200 ರೂಪಾಯಿ ಜಮೆ ಮಾಡುವ ವೋಚರ್ ಕೂಡ ಇಟ್ಟಿದ್ದೇನೆ, ಇವತ್ತೇ ಸಹಿ ಮಾಡಿದರೆ ಒಳ್ಳೆಯದು.