ಶೇಖರಣಾ ಯೋಜನೆಯ ಅವಧಿ ಮುಗಿದ ಕಾರಣಕ್ಕೆ ಇಡೀ ಬ್ಯಾಕಪ್ ಅಳಿಸಿದ ಬಗ್ಗೆ ದೂರು

ಇಳಕಲ್ಲ, 28 ಜುಲೈ 2025

ಇವರಿಗೆ,
ಭಾರತದ ಕುಂದುಕೊರತೆ ಅಧಿಕಾರಿಗಳು,
ತಮ್ಮ ಸಂದೇಶ ಸೇವಾ ಕಂಪನಿ

ಇವರಿಂದ,
ಮಹಾಂತೇಶ ಶಿ. ಹಾದಿಮನಿ,
ಸೀರೆ ವ್ಯಾಪಾರಿ, ಇಳಕಲ್ಲ, ಬಾಗಲಕೋಟೆ ಜಿಲ್ಲೆ – 587125
(ನೋಂದಾಯಿತ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ: 4471)

ಮಾನ್ಯರೇ,

2022ರ ಜೂನ್ 4ರಿಂದ ನಾನು ತಮ್ಮ ಆಪ್‌ನ ಸಂದೇಶಗಳ ಬ್ಯಾಕಪ್ ಇಡಲು ಹಣ ಕಟ್ಟಿ ಪಡೆಯುವ ಶೇಖರಣಾ ಯೋಜನೆಯ ಗ್ರಾಹಕನಾಗಿದ್ದು, ವರ್ಷಕ್ಕೆ ₹1,188ರಂತೆ ಮೂರು ವರ್ಷದ ಶುಲ್ಕವನ್ನು ಒಂದು ದಿನವೂ ತಡಮಾಡದೆ ಕಟ್ಟಿದ್ದೇನೆ. ನಾಲ್ಕನೆಯ ವರ್ಷದ ಹಣ 2025ರ ಜೂನ್ 4ರಂದು ತಾನಾಗಿಯೇ ಕಡಿತವಾಗಬೇಕಿತ್ತು. ಮೇ ತಿಂಗಳಲ್ಲಿ ನನ್ನ ಬ್ಯಾಂಕು ಅವಧಿ ಮುಗಿದ ಡೆಬಿಟ್ ಕಾರ್ಡಿಗೆ ಬದಲಾಗಿ ಹೊಸದನ್ನು ಕೊಟ್ಟಿತ್ತು. ಹೊಸ ಕಾರ್ಡಿನ ವಿವರವನ್ನು ತಮ್ಮ ಆಪ್‌ನಲ್ಲಿ ತುಂಬಬೇಕೆಂಬುದು ನನ್ನ ಗಮನಕ್ಕೆ ಬರಲಿಲ್ಲವಾದ್ದರಿಂದ ಕಡಿತ ಆಗಲಿಲ್ಲ. ಇಷ್ಟರ ಮಟ್ಟಿಗೆ ತಪ್ಪು ನನ್ನದು, ಅದನ್ನು ಮೊದಲೇ ಒಪ್ಪಿಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ಜುಲೈ 19ರಂದು ನೂಲಿಗೆ ಬಣ್ಣ ಹಾಕುವಲ್ಲಿ ನಿಂತಿದ್ದಾಗ ನನ್ನ ಫೋನು ಬಣ್ಣದ ನೀರಿನ ತೊಟ್ಟಿಗೆ ಬಿದ್ದು ಕೆಟ್ಟುಹೋಯಿತು. ರಿಪೇರಿ ಅಂಗಡಿಯವರು ಬೋರ್ಡೇ ಹೋಗಿದೆ, ಒಳಗಿನದೇನೂ ಸಿಗುವುದಿಲ್ಲ ಎಂದಾಗಲೂ ನಾನು ಗಾಬರಿಯಾಗಲಿಲ್ಲ, ಏಕೆಂದರೆ ಇಂಥ ದಿನಕ್ಕೆಂದೇ ತಮಗೆ ದುಡ್ಡು ಕಟ್ಟುತ್ತ ಬಂದಿದ್ದೆ. ಮರುದಿನ ಹೊಸ ಫೋನಿಗೆ ಅದೇ ಸಂಖ್ಯೆಯ ಸಿಮ್ ಹಾಕಿ, ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ 64 ಅಂಕಿಗಳ ಗೂಢಲಿಪಿ ಕೀಲಿಯನ್ನು ಮುಂದಿಟ್ಟುಕೊಂಡು ಕೂತೆ. ಕೀಲಿ ಕೇಳುವ ಹಂತವೇ ಬರಲಿಲ್ಲ. ಪರದೆಯ ಮೇಲೆ ಮೂಡಿದ್ದು "No backup found" ಎಂಬ ಒಂದೇ ಸಾಲು.

ಅಂದೇ ತಮ್ಮ ಸಹಾಯ ವಿಭಾಗಕ್ಕೆ ಬರೆದೆ. ಜುಲೈ 23ರಂದು ಬಂದ ಉತ್ತರದಲ್ಲಿ, ಯೋಜನೆ ಮುಗಿದ 30 ದಿನಗಳ ನಂತರ ಉಚಿತ ಮಿತಿಯಾದ 5 ಜಿಬಿಯನ್ನು ಮೀರಿದ ಬ್ಯಾಕಪ್ ಅಳಿಸಲ್ಪಡುತ್ತದೆ, ಅದರಂತೆ ಜುಲೈ 4ರಂದು ನನ್ನದು ಅಳಿಸಲ್ಪಟ್ಟಿದೆ ಎಂದು ತಿಳಿಸಲಾಗಿದೆ. ಬಾಕಿ ಹಣವನ್ನು ಈಗಲೇ ಕಟ್ಟುತ್ತೇನೆ, ಹಿಂತಿರುಗಿಸಿ ಎಂದು ಕೇಳಿದ್ದಕ್ಕೆ ಜುಲೈ 26ರಂದು "ಮರಳಿ ಪಡೆಯಲು ಸಾಧ್ಯವಿಲ್ಲ" ಎಂಬ ಉತ್ತರ ಬಂದು, ನನ್ನ ದೂರನ್ನು ಮುಕ್ತಾಯಗೊಳಿಸಲಾಗಿದೆ. ಅಂದರೆ ನನಗೂ ನನ್ನ ದಾಖಲೆಗಳಿಗೂ ನಡುವೆ ಇದ್ದದ್ದು ಹದಿನೈದು ದಿನ ಮತ್ತು ₹1,188.

ಹೋದದ್ದು ಏನೆಂದು ತಮಗೆ ತಿಳಿದಿರಲಿ. ನನ್ನ ಕೈಕೆಳಗೆ ಹದಿನಾಲ್ಕು ಕೈಮಗ್ಗಗಳಿದ್ದು, ಗಿರಾಕಿಗಳ ಬೇಡಿಕೆ, ನೇಕಾರರ ಮಜೂರಿ, ಅಂಗಡಿಗಳ ಉದ್ದರಿ ಎಲ್ಲವೂ ತಮ್ಮ ಆಪ್‌ನಲ್ಲೇ ನಡೆಯುತ್ತಿದ್ದವು. ಒಬ್ಬರು ತಮ್ಮ ಅಜ್ಜಿಯ ಸೀರೆಯ ದಡಿಯ ಚಿತ್ರ ಕಳಿಸಿ ಅದೇ ಗೋಮಿ ದಡಿ ಬೇಕೆನ್ನುತ್ತಾರೆ, ಇನ್ನೊಬ್ಬರು ಪರಾಸ್ ದಡಿಗೆ ಒಡಲಿನ ಬಣ್ಣ ಇಂಥದ್ದೇ ಇರಲೆಂದು ದಾರದ ಎಳೆಯೊಂದನ್ನು ಬಿಸಿಲಿಗೆ ಹಿಡಿದು ಚಿತ್ರ ತೆಗೆದು ಕಳಿಸುತ್ತಾರೆ. ವಾರದ ಮಜೂರಿ ಕೊಟ್ಟ ಮೇಲೆ ಲೆಕ್ಕದ ಪುಟದ ಚಿತ್ರ ಕಳಿಸಿದರೆ "ಮುಟ್ಟಿತು" ಎಂದು ಬರುತ್ತಿದ್ದ ಉತ್ತರವೇ ನಮ್ಮ ರಸೀದಿ. ಮೂರು ಅಂಗಡಿಗಳಿಂದ ಬರಬೇಕಾದ ಒಟ್ಟು ₹86,400 ಉದ್ದರಿಗೆ ಈಗ ನನ್ನ ಬಾಯಿಮಾತಿನ ಹೊರತು ಆಧಾರವಿಲ್ಲ. ಶ್ರಾವಣದ ಬೇಡಿಕೆಗಳು ಯಾರವು, ಎಷ್ಟು ಮುಂಗಡ ಬಂದಿದೆ ಎಂಬುದನ್ನು ಒಬ್ಬೊಬ್ಬರಿಗೂ ಫೋನ್ ಮಾಡಿ ನಾಚಿಕೊಂಡು ಕೇಳುತ್ತಿದ್ದೇನೆ.

ಇನ್ನೊಂದು ಧ್ವನಿ ಸಂದೇಶವಿತ್ತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ, ಅದನ್ನೇ ಟೋಪ ತೆನಿ ಎನ್ನುವುದು. ನಮ್ಮಲ್ಲಿ ದುಡಿದ ಹಿರಿಯ ನೇಕಾರರೊಬ್ಬರು, ಜೋಡಿಸುವಾಗ ಎಳೆ ಸಡಿಲಾದರೆ ಬೆರಳಿಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ನನ್ನ ಮಗಳ ಕೋರಿಕೆಯ ಮೇಲೆ ಹನ್ನೊಂದು ನಿಮಿಷ ಮಾತಾಡಿ ಕಳಿಸಿದ್ದರು. ಹಿಂದೆ ಲಾಳಿ ಓಡುವ ಸಪ್ಪಳವೂ ಕೇಳುತ್ತಿತ್ತು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಇದಕ್ಕೆ ಬೆಲೆ ಕಟ್ಟಿ ಕೊಡಿ ಎಂದು ನಾನು ಕೇಳುತ್ತಿಲ್ಲ, ಕಟ್ಟಲು ನನಗೂ ಬರುವುದಿಲ್ಲ.

ನನ್ನ ಆಕ್ಷೇಪಣೆಯ ಮುಖ್ಯ ಅಂಶ ಹೀಗಿದೆ. ಮಾರ್ಚ್ ತಿಂಗಳಲ್ಲಿ ನನ್ನ ಮಗಳಿಗೆ ಕಳಿಸಿದ್ದ ಸ್ಕ್ರೀನ್‌ಶಾಟ್‌ನ ಪ್ರಕಾರ ನನ್ನ ಬ್ಯಾಕಪ್‌ನ ಒಟ್ಟು ಗಾತ್ರ 38 ಜಿಬಿ ಇದ್ದು, ಅದರಲ್ಲಿ ಬರಹದ ಸಂದೇಶಗಳ ಪಾಲು ಕೇವಲ 640 ಎಂಬಿ. ಉಚಿತ ಮಿತಿ 5 ಜಿಬಿ ಎಂದು ತಾವೇ ಹೇಳುತ್ತೀರಿ. ಹಾಗಿದ್ದ ಮೇಲೆ ಮಿತಿಯೊಳಗೆ ಸಲೀಸಾಗಿ ಹಿಡಿಯುತ್ತಿದ್ದ ಲೆಕ್ಕಪತ್ರದ ಸಂದೇಶಗಳನ್ನೂ ಸೇರಿಸಿ ಎಲ್ಲವನ್ನೂ ಅಳಿಸಿದ್ದು ಯಾವ ಷರತ್ತಿನ ಆಧಾರದ ಮೇಲೆ? ಮಿತಿ ಮೀರಿದ್ದನ್ನು ಅಳಿಸುವುದು ಬೇರೆ, ಮಿತಿ ಮೀರಿದವನದ್ದೆಲ್ಲವನ್ನೂ ಅಳಿಸುವುದು ಬೇರೆ. ಬಾಡಿಗೆ ಒಂದು ತಿಂಗಳು ತಪ್ಪಿದರೆ ಗೋದಾಮಿಗೆ ಬೀಗ ಹಾಕುವ ಮಾಲೀಕರನ್ನು ನೋಡಿದ್ದೇನೆ, ಒಳಗಿನ ಸರಕನ್ನು ಸುಟ್ಟವರನ್ನು ನೋಡಿಲ್ಲ.

ಸೂಚನೆಯ ವಿಷಯವೂ ಅಷ್ಟೇ ಗಂಭೀರವಾದದ್ದು. ಜೂನ್ 6ರಂದು ನನ್ನ ಇಮೇಲ್‌ನ ಜಾಹೀರಾತು ವಿಭಾಗಕ್ಕೆ "Your plan has ended" ಎಂಬ ಒಂದು ಪತ್ರ ಬಂದು ಬಿದ್ದಿದ್ದನ್ನು ಈಗ ಹುಡುಕಿ ತೆಗೆದಿದ್ದೇನೆ. ಅದರಲ್ಲಿ ಯೋಜನೆ ನವೀಕರಿಸಲು ಗುಂಡಿಯಿದೆ, ಆದರೆ ಬ್ಯಾಕಪ್ ಅಳಿಸುವ ದಿನಾಂಕವಾಗಲಿ, ಅಳಿಸುತ್ತೇವೆ ಎಂಬ ಮಾತಾಗಲಿ ಇಲ್ಲ. ಆಪ್‌ನ ಒಳಗೆ ಒಂದೇ ಒಂದು ಎಚ್ಚರಿಕೆ ಬರಲಿಲ್ಲ. ಸಂದೇಶ ಮುಟ್ಟಿಸುವುದನ್ನೇ ಕಸುಬು ಮಾಡಿಕೊಂಡ ಕಂಪನಿಗೆ, ದಿನಕ್ಕೆ ನೂರು ಸಲ ಅದೇ ಆಪ್ ತೆರೆಯುವ ಗ್ರಾಹಕನಿಗೆ ಒಂದು ಸಂದೇಶ ಮುಟ್ಟಿಸಲು ಆಗಲಿಲ್ಲ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವಾಗ ಕನಿಷ್ಠ 24 ಗಂಟೆ ಮೊದಲೇ ಗ್ರಾಹಕನಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾವಿರ ರೂಪಾಯಿ ತೆಗೆಯಲು ಇರುವ ಆ ಎಚ್ಚರಿಕೆ, ಮೂರು ವರ್ಷದ ದಾಖಲೆ ಅಳಿಸಲು ಬೇಡವೇ?

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ಅಳಿಸಿದ ಬ್ಯಾಕಪ್‌ನ ಪ್ರತಿ ತಮ್ಮ ಯಾವುದೇ ಸರ್ವರಿನಲ್ಲಿ, ವಿಪತ್ತು ನಿರ್ವಹಣೆಗೆ ಇಟ್ಟುಕೊಳ್ಳುವ ಪ್ರತಿಗಳೂ ಸೇರಿದಂತೆ, ಇನ್ನೂ ಉಳಿದಿದೆಯೇ ಎಂಬುದನ್ನು ತಾಂತ್ರಿಕ ವಿಭಾಗದಿಂದ ಪರಿಶೀಲಿಸಿ, ಉಳಿದಿದ್ದರೆ ಅದು ಅಳಿಯದಂತೆ ಈ ದೂರು ತಲುಪಿದ ದಿನವೇ ತಡೆಹಿಡಿಯಬೇಕು. ಗೂಢಲಿಪಿಯಲ್ಲಿದೆ, ನಮಗೆ ಓದಲು ಬರುವುದಿಲ್ಲ ಎಂಬ ಉತ್ತರ ಬೇಡ. ಫೈಲು ಇದ್ದಂತೆಯೇ ಕೊಟ್ಟರೆ ಸಾಕು, ಕೀಲಿ ನನ್ನ ಬಳಿ ಇದೆ. ಜೂನ್ 4ರಿಂದ ಲೆಕ್ಕ ಹಾಕಿ ಬಾಕಿ ಶುಲ್ಕ ಕಟ್ಟಲು ಸಿದ್ಧನಿದ್ದೇನೆ. ನಿಜವಾಗಿಯೂ ಏನೂ ಉಳಿದಿಲ್ಲವೆಂದಾದರೆ, ಅಳಿಸಿದ ದಿನಾಂಕ ಮತ್ತು ಸಮಯ, ಅದಕ್ಕೆ ಆಧಾರವಾದ ಷರತ್ತು ನಾನು ಮೊದಲ ಸಲ ಹಣ ಕಟ್ಟಿದ 2022ರಲ್ಲಿ ಇತ್ತೇ ಅಥವಾ ಆಮೇಲೆ ಸೇರಿದ್ದೇ, ನನಗೆ ಕಳಿಸಿದ್ದೇವೆ ಎನ್ನುವ ಪ್ರತಿ ಸೂಚನೆಯ ದಾಖಲೆ ಇವಿಷ್ಟನ್ನು ಲಿಖಿತವಾಗಿ ಕೊಡಬೇಕು. ಮೂರು ವರ್ಷಗಳಲ್ಲಿ ಕಟ್ಟಿದ ₹3,564 ಹಿಂತಿರುಗಿಸಬೇಕು. ಸಹಾಯ ವಿಭಾಗದ ಸಿದ್ಧ ಉತ್ತರವನ್ನೇ ಮತ್ತೊಮ್ಮೆ ಕಳಿಸಿದರೆ ಅದನ್ನು ಉತ್ತರವೆಂದು ನಾನು ಪರಿಗಣಿಸುವುದಿಲ್ಲ.

ಮಾಹಿತಿ ತಂತ್ರಜ್ಞಾನ ನಿಯಮಗಳು, 2021ರ ನಿಯಮ 3(2)ರಂತೆ ಈ ದೂರಿನ ಸ್ವೀಕೃತಿಯನ್ನು 24 ಗಂಟೆಯೊಳಗೆ ಕೊಟ್ಟು, ನಿಗದಿತ ಅವಧಿಯೊಳಗೆ ಇತ್ಯರ್ಥಪಡಿಸಬೇಕೆಂದು ವಿನಂತಿಸುತ್ತೇನೆ. ತಮ್ಮ ನಿರ್ಧಾರ ಸಮಾಧಾನಕರವಾಗಿರದಿದ್ದರೆ 30 ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಯ ಮುಂದೆ ಹೋಗುವ, ಹಾಗೂ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ನಾನು ವಾಸವಿರುವ ಬಾಗಲಕೋಟೆ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಸೇವಾ ನ್ಯೂನತೆಯ ದೂರು ದಾಖಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಹಾಂತೇಶ ಶಿ. ಹಾದಿಮನಿ

ಲಗತ್ತುಗಳು: ಮೂರು ವರ್ಷದ ಪಾವತಿ ರಸೀದಿಗಳು, ಮಾರ್ಚ್ ತಿಂಗಳ ಸ್ಕ್ರೀನ್‌ಶಾಟ್, ಜೂನ್ 6ರ ಇಮೇಲ್, ಜುಲೈ 23 ಮತ್ತು 26ರ ಉತ್ತರಗಳು, ಫೋನ್ ರಿಪೇರಿ ಅಂಗಡಿಯ ಚೀಟಿ.